ಮಾರುದ್ದದ ಜಡೆಗೆ ಎಷ್ಟು ಪೆಟ್ಟಿಗೆ ಡೈ?

ಹೇರ್ ಡೈ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ನೀಳಕೇಶದ ತರುಣಿಯೊಬ್ಬಳು ಕೂದಲು ಹರವಿಕೊಂಡು ನಿಂತಿದ್ದರೂ, ಒಳಗಿರುವ ಕ್ರೀಮು ಮತ್ತು ಡೆವಲಪರುಗಳೆರಡೂ ಕೂಡಿ ಸಾಮಾನ್ಯವಾಗಿ ಹೆಗಲವರೆಗಿನ, ಮಧ್ಯಮ ದಪ್ಪದ ಕೂದಲಿಗೆ ಮಾತ್ರ ಸಾಲುವಂಥವೆಂಬ ಸಂಗತಿ, ಸೊಂಟ ಮುಟ್ಟುವ ದಟ್ಟವಾದ ಜಡೆಯುಳ್ಳವರಿಗೆ ಬಹುಮಟ್ಟಿಗೆ ತಿಳಿದುಬರುವುದು ಬಟ್ಟಲು ಬರಿದಾದ ಮೇಲೆಯೇ. ಆಗ ಉಳಿದ ಭಾಗಕ್ಕೆಂದು ಇರುವ ಕಲಸಿಗೆ ನೀರು ಬೆರೆಸಿದರೆ ಬಣ್ಣ ಪೇಲವವಾಗುತ್ತದೆ. ಬಾಚಣಿಗೆಯಿಂದ ಎಳೆದೆಳೆದು ತೆಳ್ಳಗೆ ಹರಡಿದರೆ ಮೇಲ್ಪದರ ಕಪ್ಪಾಗಿ ಒಳಪದರ ಹಾಗೆಯೇ ಉಳಿಯುತ್ತದೆ. ಅಂಗಡಿಗೆ ಆಳು ಕಳುಹಿಸಿದರೆ, ಅವನು ಹಿಂದಿರುಗುವಷ್ಟರಲ್ಲಿ ಮೊದಲು ಹಚ್ಚಿದ ಭಾಗ ತನ್ನ ಸಮಯವನ್ನು ಮೀರಿರುತ್ತದೆ. ಹಾಗೆಂದು ಬೇಕಾದ್ದಕ್ಕಿಂತ ಹೆಚ್ಚಾಗಿ ಕಲಸಿ ಮಿಕ್ಕದ್ದನ್ನು ತೆಗೆದಿಡುವಂತೆಯೂ ಇಲ್ಲ. ಕ್ರೀಮಿಗೆ ಡೆವಲಪರಿನಲ್ಲಿರುವ ಹೈಡ್ರೋಜನ್ ಪೆರಾಕ್ಸೈಡ್ ಸೇರಿದ ಕ್ಷಣದಿಂದಲೇ ಬಣ್ಣ ಕಟ್ಟುವ ಕ್ರಿಯೆ ಆರಂಭವಾಗಿ, ಅರ್ಧ ಮುಕ್ಕಾಲು ಗಂಟೆಯಲ್ಲಿ ಅದರ ಸತ್ತ್ವವೆಲ್ಲ ವ್ಯಯವಾಗಿಬಿಡುತ್ತದೆ. ಮುಚ್ಚಳ ಬಿಗಿದಿಟ್ಟರೆ ಹೊರಡುವ ಅನಿಲದ ಒತ್ತಡಕ್ಕೆ ಸೀಸೆ ಒಡೆಯುವ ಅಪಾಯವೂ ಉಂಟು. ಆದುದರಿಂದ ಲೆಕ್ಕವೆಂಬುದು ಕಲಸುವುದಕ್ಕೆ ಮೊದಲೇ, ಪೆಟ್ಟಿಗೆ ಕೊಳ್ಳುವಾಗಲೇ ಆಗಬೇಕು.

ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದೇ: ಉದ್ದವನ್ನು ಎಣಿಸಿ ದಪ್ಪವನ್ನು ಮರೆಯುವುದು. ನಮ್ಮಕ್ಕನ ಜಡೆಯನ್ನೇ ತೆಗೆದುಕೊಳ್ಳೋಣ. ನೆತ್ತಿಯಿಂದ ತುದಿಯವರೆಗೆ ಅದು 80 ಸೆಂಟಿಮೀಟರು. ಹೆಗಲವರೆಗಿನ ಕೂದಲು ಸುಮಾರು 40. "ಉದ್ದ ಎರಡರಷ್ಟು ತಾನೆ? ಎರಡು ಪೆಟ್ಟಿಗೆ ಸಾಕು ಕಣೇ" ಎಂದು ಅಕ್ಕ ಹೇಳಿದ್ದು ಮೇಲ್ನೋಟಕ್ಕೆ ನ್ಯಾಯವಾಗಿಯೇ ಇತ್ತು. ಆದರೆ ಹಗ್ಗದ ಸುತ್ತಳತೆ ಎರಡರಷ್ಟಾದರೆ ಅದರೊಳಗಿನ ನಾರು ನಾಲ್ಕರಷ್ಟಾಗುವಂತೆ, ಕೂದಲ ಕಟ್ಟಿನ ಸುತ್ತಳತೆ ಸ್ವಲ್ಪವೇ ಹೆಚ್ಚಿದರೂ ಎಳೆಗಳ ಸಂಖ್ಯೆ ಅದರ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಉದ್ದವನ್ನು ಒಂದು ಸಲ ಗುಣಿಸಿದರೆ ಸಾಕು. ಸುತ್ತಳತೆಯನ್ನು ಎರಡು ಸಲ ಗುಣಿಸಬೇಕು.

ಅಳೆಯುವ ಕ್ರಮ ಸುಲಭವಾದದ್ದು. ಎಣ್ಣೆಯಿಲ್ಲದ ಒಣಗೂದಲನ್ನು ಸಿಕ್ಕು ಬಿಡಿಸಿ, ಹೆಣೆಯದೆ, ಕತ್ತಿನ ಹಿಂದೆ ಒಂದೇ ಜುಟ್ಟಾಗಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಬೇಕು. ಬಳಿಕ ದಾರವೊಂದನ್ನು ಅದರ ಸುತ್ತ, ಹಿಸುಕದೆ, ಸಡಿಲವೂ ಬಿಡದೆ ಸುತ್ತಿ ಅಡಿಕೋಲಿನ ಮೇಲಿಟ್ಟು ನೋಡಬೇಕು. ಉದ್ದಗೂದಲಿನಲ್ಲಿ ಎಳೆಗಳೆಲ್ಲ ತುದಿಯವರೆಗೆ ಬರುವುದಿಲ್ಲವಾದ್ದರಿಂದ ಬುಡದಲ್ಲಿ, ನಡುವೆ, ತುದಿಯ ಹತ್ತಿರ, ಹೀಗೆ ಮೂರು ಕಡೆ ಅಳೆಯುವುದು ಉತ್ತಮ. ಅಕ್ಕನ ಕೂದಲು ಬುಡದಲ್ಲಿ 11, ನಡುವೆ 9, ತುದಿಯಲ್ಲಿ 6 ಸೆಂಟಿಮೀಟರಿತ್ತು. ಇವುಗಳ ವರ್ಗ ಕ್ರಮವಾಗಿ 121, 81, 36. ಸರಾಸರಿ ಸುಮಾರು 79. ಅದನ್ನು 80ರ ಉದ್ದದಿಂದ ಗುಣಿಸಿದರೆ 6,320 ಬರುತ್ತದೆ. ಒಂದು ದೊಡ್ಡ ಪೆಟ್ಟಿಗೆ ಸಾಲುವ ಕೂದಲಿನ ಸುತ್ತಳತೆ ಸರಾಸರಿ 8, ಉದ್ದ 40 ಎಂದಿಟ್ಟುಕೊಂಡರೆ, 64ನ್ನು 40ರಿಂದ ಗುಣಿಸಿ 2,560. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದಾಗ ಬರುವುದು ಎರಡೂವರೆಗೆ ಕೂದಲೆಳೆಯಷ್ಟು ಕಡಿಮೆ. ಎರಡು ಪೆಟ್ಟಿಗೆಯನ್ನು ನಂಬಿ ಕುಳಿತಿದ್ದರೆ ಅರ್ಧ ಪೆಟ್ಟಿಗೆಯಷ್ಟು ಕೊರತೆ ಬೀಳುವುದು ನಿಶ್ಚಯವಾಗಿತ್ತು.

ಇಲ್ಲಿ ಪೆಟ್ಟಿಗೆಯೆಂದರೆ ಕ್ರೀಮು 60, ಡೆವಲಪರ್ 60, ಒಟ್ಟು 120 ಮಿಲಿಲೀಟರಿನಷ್ಟು ಕಲಸು ಕೊಡುವಂಥದು. ಪೆಟ್ಟಿಗೆಗಳೆಲ್ಲ ಒಂದೇ ಅಳತೆಯವಲ್ಲ. 20 ಗ್ರಾಂ ಕ್ರೀಮು, 20 ಮಿಲಿ ಡೆವಲಪರ್ ಇರುವ ಸಣ್ಣ ಪ್ಯಾಕೆಟ್ಟುಗಳೂ ಅದೇ ಅಂಗಡಿಯ ಅದೇ ಗೂಟಕ್ಕೆ ತೂಗುತ್ತಿರುತ್ತವೆ. ಆದ್ದರಿಂದ ಬೆಲೆಯನ್ನು ನೋಡುವ ಮೊದಲು ಬದಿಯಲ್ಲಿ ಸಣ್ಣಕ್ಷರದಲ್ಲಿ ಮುದ್ರಿತವಾದ ತೂಕವನ್ನು ಓದಬೇಕು. ಅಕ್ಕನಿಗೆ ಬೇಕಾದ 300 ಮಿಲಿಗೆ ದೊಡ್ಡ ಪೆಟ್ಟಿಗೆಯಾದರೆ ಮೂರು, ಸಣ್ಣ ಪ್ಯಾಕೆಟ್ಟಾದರೆ ಎಂಟು. ಎಷ್ಟೇ ಕೊಂಡರೂ ಎಲ್ಲವೂ ಒಂದೇ ಕಂಪನಿಯ, ಒಂದೇ ಶೇಡ್ ಸಂಖ್ಯೆಯವಾಗಿರಬೇಕು. ಸಾಧ್ಯವಾದರೆ ಬ್ಯಾಚ್ ಸಂಖ್ಯೆಯೂ ಒಂದೇ ಇರಲಿ. ಹೊಸ ಕಂಪನಿಯದಾದರೆ ಮೊದಲು ಒಂದನ್ನೇ ತಂದು, ಒಳಗಿನ ಚೀಟಿಯಲ್ಲಿ ಹೇಳಿದಂತೆ ಚರ್ಮದ ಮೇಲೆ ಹಚ್ಚಿ 48 ಗಂಟೆ ಕಾದು, ತುರಿಕೆ, ಊತಗಳೇನೂ ಕಾಣದಿದ್ದರೆ ಮಾತ್ರ ಉಳಿದವನ್ನು ಕೊಳ್ಳುವುದು ವಿವೇಕ.

ಈ ಗಣಿತ ಅಂದಾಜಿನದೆಂಬುದನ್ನು ಒಪ್ಪಲೇಬೇಕು. ಬಿಸಿಲಿಗೆ ಬಾಡಿದ, ತುದಿ ಸೀಳಿದ ಕೂದಲು ಹೆಚ್ಚು ಹೀರುತ್ತದೆ; ಗುಂಗುರು ಕೂದಲು ಎಳೆದಳೆಯದಿದ್ದರೆ ಉದ್ದವನ್ನು ಮರೆಮಾಚುತ್ತದೆ; ಹಚ್ಚುವವರ ಕೈಯೂ ಒಂದೊಂದು ಬಗೆ. ಆದುದರಿಂದ ಹಚ್ಚುವಾಗಲೇ ಲೆಕ್ಕವನ್ನು ಪರೀಕ್ಷಿಸುವ ಉಪಾಯವೊಂದು ಬೇಕು. ಹಣೆಯಿಂದ ಕತ್ತಿನವರೆಗೆ ಒಂದು ಬೈತಲೆ, ಕಿವಿಯಿಂದ ಕಿವಿಗೆ ಇನ್ನೊಂದು ಬೈತಲೆ ತೆಗೆದು ತಲೆಯನ್ನು ನಾಲ್ಕು ಭಾಗ ಮಾಡಿ, ಮೂರನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿಟ್ಟು, ನರೆ ಹೆಚ್ಚಾಗಿರುವ ಮುಂಭಾಗದಿಂದ ಆರಂಭಿಸಬೇಕು. ಪೆಟ್ಟಿಗೆಗಳನ್ನು ಒಮ್ಮೆಲೇ ಕಲಸದೆ, ಒಂದು ಮುಗಿಯುತ್ತ ಬಂದಾಗ ಇನ್ನೊಂದನ್ನು ಕಲಸಬೇಕು. 300 ಮಿಲಿಯ ನಾಲ್ಕನೆಯ ಒಂದು ಪಾಲು 75. ಹಿಂಭಾಗಕ್ಕಿಂತ ಮುಂಭಾಗದಲ್ಲಿ ಕೂದಲು ಸಾಮಾನ್ಯವಾಗಿ ಕಡಿಮೆಯಿರುವುದರಿಂದ, ಮೊದಲ ಮುಂಭಾಗ ಮುಗಿದಾಗ 120ರ ಕಲಸಿನಲ್ಲಿ ಅರ್ಧದ ಹತ್ತಿರ ಇನ್ನೂ ಬಟ್ಟಲಲ್ಲಿ ಉಳಿದಿರಬೇಕು. ಅದರ ಬದಲು ಬಟ್ಟಲ ತಳ ಕಾಣಿಸತೊಡಗಿತೆಂದರೆ, ಒಟ್ಟು ಬೇಡಿಕೆ ನಾಲ್ಕು ಪೆಟ್ಟಿಗೆಯನ್ನು ಮುಟ್ಟಬಹುದೆಂದು ತಿಳಿದು, ಮತ್ತೊಂದಕ್ಕಾಗಿ ಅಂಗಡಿಗೆ ಕಳುಹಿಸಬೇಕಾದದ್ದು ಆ ಗಳಿಗೆಯಲ್ಲೇ. ಮುಕ್ಕಾಲು ತಲೆ ಮುಗಿದ ಮೇಲಲ್ಲ.

ಉಳಿತಾಯದ ಆಸೆಯಿಂದ ತೆಳ್ಳಗೆ ಹಚ್ಚಿ ಲೆಕ್ಕ ಸರಿಯಾಯಿತೆಂದು ಭಾವಿಸುವುದೂ ಮೋಸವೇ. ಬೆರಳಗಲದ ಸೀಳು ಸೀಳಾಗಿ ಕೂದಲನ್ನು ಎತ್ತಿ, ಹೊರಮೈಗೂ ಒಳಮೈಗೂ ಬ್ರಷ್ಷಿನಿಂದ ಹಚ್ಚಿ, ಸೀಳನ್ನು ತಿರುಗಿಸಿ ನೋಡಿದಾಗ ಎಳೆಗಳು ಒಂದಕ್ಕೊಂದು ಅಂಟಿಕೊಂಡು ಜಾರುವಂತಿರಬೇಕು. ಕೈಗವಸಿನ ಬೆರಳುಗಳ ನಡುವೆ ಮೃದುವಾಗಿ ಹಿಂಡಿದರೆ ಕ್ರೀಮು ಸ್ವಲ್ಪ ಹೊರಬರಬೇಕು. ಎಲ್ಲಾದರೂ ಎಳೆಗಳು ಬಿಡಿಬಿಡಿಯಾಗಿ, ಒಣಗಿದಂತೆ ಕಂಡರೆ ಬಣ್ಣ ಅಲ್ಲಿ ಹಿಡಿದಿಲ್ಲ. ಅಕ್ಕನ ತಲೆಯಲ್ಲಿ ಹಾಗೆ ಒಣಗಿ ಕಂಡದ್ದು ಕತ್ತಿನ ಮೇಲ್ಗಡೆಯ ಒಳಪದರ. ಕಲಸು ಸಾಲದೆ ಹೋದಾಗ ವಂಚಿತವಾಗುವುದು ಯಾವಾಗಲೂ ಈ ಜಾಗವೇ. ಹಾಗೆ ಸಾಲದೆ ಬರುವುದು ಅನಿವಾರ್ಯವೇ ಆದಲ್ಲಿ, ಜಡೆ ಹಾಕಿದಾಗ ಮರೆಯಾಗುವ ಆ ಒಳಪದರವನ್ನೇ ಕೊನೆಗೆ ಬಿಟ್ಟು, ಹಚ್ಚಿದ್ದನ್ನು ಸಮಯಕ್ಕೆ ಸರಿಯಾಗಿ ತೊಳೆದು, ಉಳಿದದ್ದಕ್ಕೆ ಅದೇ ಸಂಖ್ಯೆಯ ಹೊಸ ಪೆಟ್ಟಿಗೆಯಿಂದ ಬೇರೆಯಾಗಿ ಹಚ್ಚಬೇಕು.

ಇಷ್ಟೆಲ್ಲ ಲೆಕ್ಕ ಇಡೀ ಕೂದಲಿಗೆ ಬಣ್ಣ ಹಚ್ಚುವ ಮೊದಲ ಸಲಕ್ಕೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುವುದರಿಂದ, ಒಂದೂವರೆ ತಿಂಗಳ ಮೇಲೆ ಬುಡದಲ್ಲಿ ಕಾಣುವ ಬಿಳಿಯ ಅಂಚಿಗೆ ಜಡೆಯ ಉದ್ದದ ಹಂಗೇ ಇಲ್ಲ. ಅಷ್ಟಕ್ಕೆ 40 ಮಿಲಿಯ ಒಂದು ಸಣ್ಣ ಪ್ಯಾಕೆಟ್ಟು, ತೀರ ದಟ್ಟವಾದ ತಲೆಯಾದರೆ ಎರಡು ಸಾಕಾಗುತ್ತವೆ. ಬಣ್ಣ ಹಿಡಿದ ಕೆಳಗಿನ ಉದ್ದಕ್ಕೆ ಪ್ರತಿ ಸಲವೂ ಹೊಸದಾಗಿ ಹಚ್ಚುತ್ತ ಹೋದರೆ ಪೆಟ್ಟಿಗೆಗಳು ಖರ್ಚಾಗುವುದಲ್ಲದೆ, ತುದಿಗಳು ಬೇಡದಷ್ಟು ಕಪ್ಪಾಗಿ ಒರಟಾಗುತ್ತವೆ. ಮೊದಲ ಸಲ ಒಡೆಯದೆ ಉಳಿದ ಪೆಟ್ಟಿಗೆಯಿದ್ದರೆ ಅದನ್ನು ಬಿಸಿಲು ತಾಗದ ಕಪಾಟಿನಲ್ಲಿಟ್ಟು, ಅವಧಿಯ ದಿನಾಂಕ ನೋಡಿಕೊಂಡು, ಈ ಬುಡದ ಕೆಲಸಕ್ಕೇ ಬಳಸಬಹುದು.