‘ಓದಿದರು’ – ‘ಓದಿಸಿದರು’: ಪಾಠಯೋಜನೆಯಲ್ಲಿ ಪ್ರೇರಣಾರ್ಥಕ ರೂಪ

‘ಶಿಕ್ಷಕರು ಮಕ್ಕಳಿಂದ ಪದ್ಯವನ್ನು ಓದಿದರು’ ಎಂಬ ವಾಕ್ಯ ಪಾಠಯೋಜನೆಯಲ್ಲಿ ಕಂಡರೆ, ಓದಿದವರು ಯಾರೆಂದು ಪ್ರಶಿಕ್ಷಣಾರ್ಥಿಯನ್ನು ಕೇಳಬೇಕು. ಓದಿದವರು ಮಕ್ಕಳು, ಓದುವಂತೆ ಮಾಡಿದವರು ಶಿಕ್ಷಕರು. ಆದ್ದರಿಂದ ‘ಓದು’ ಧಾತುವಿಗೆ ‘ಇಸು’ ಪ್ರತ್ಯಯ ಸೇರಿ ‘ಓದಿಸಿದರು’ ಎಂದಾಗಬೇಕು. ಇಲ್ಲಿ ಧಾತುವಿನ ಕೊನೆಯ ಉಕಾರ ಲೋಪವಾಗಿ ಪ್ರತ್ಯಯದ ಇಕಾರ ಉಳಿಯುತ್ತದೆ. ಆಡುಮಾತಿನಲ್ಲಿ ಈ ಇಕಾರ ಎಷ್ಟೋ ಸಲ ಕೇಳಿಸುವುದಿಲ್ಲ. ಹಾಗಾಗಿಯೇ ‘ಓದ್ಸಿದರು’, ‘ಮಾಡ್ಸಿದರು’ ಎಂದು ಬರೆಯುತ್ತಾರೆ.

ಆದರೆ ‘ಇಸು’ ಇದ್ದ ಮಾತ್ರಕ್ಕೆ ಕ್ರಿಯಾಪದ ಪ್ರೇರಣಾರ್ಥಕವಾಗದು. ‘ಶಿಕ್ಷಕರು ಉತ್ತರಗಳನ್ನು ಪರಿಶೀಲಿಸಿದರು’ ಎಂದರೆ ತಾವೇ ನೋಡಿದರು ಎಂದರ್ಥ. ಸಂಸ್ಕೃತ ಪದದಿಂದ ಕನ್ನಡ ಧಾತು ಮಾಡಲಷ್ಟೇ ಅಲ್ಲಿ ‘ಇಸು’ ಬಂದಿದೆ. ಮಕ್ಕಳೇ ಪರಸ್ಪರ ಉತ್ತರ ನೋಡಿದ್ದರೆ ‘ಮಕ್ಕಳಿಂದ ಪರಿಶೀಲನೆ ಮಾಡಿಸಿದರು’ ಎಂದು ಬರೆಯಬೇಕು. ಇಲ್ಲವಾದರೆ ಮಕ್ಕಳ ಚಟುವಟಿಕೆ ದಾಖಲೆಯಲ್ಲಿ ಶಿಕ್ಷಕರದ್ದಾಗಿಬಿಡುತ್ತದೆ.