ಬಿಸಿಯೂಟದ ಅಕ್ಕಿಗೊಂದು ಎಕ್ಸೆಲ್ ವಹಿ

ಬಿಸಿಯೂಟ ನಡೆಸುವ ಶಾಲೆಯ ದಾಸ್ತಾನು ವಹಿಯಲ್ಲಿ ಇರುವುದು ನಾಲ್ಕೇ ಲೆಕ್ಕ. ಬೆಳಗಿನ ಆರಂಭಿಕ ಶಿಲ್ಕು, ಬಂದದ್ದು, ಅಡುಗೆಗೆ ಕೊಟ್ಟದ್ದು, ಸಂಜೆಯ ಅಂತಿಮ ಶಿಲ್ಕು. ಇದನ್ನು ಎಕ್ಸೆಲ್‌ಗೆ ತರುವುದು ಹತ್ತು ನಿಮಿಷದ ಕೆಲಸ. ಆದರೆ ಎಲ್ಲರಿಗೂ ಮೊದಲು ಹೊಳೆಯುವ ಸೂತ್ರ ತಿಂಗಳ ನಡುವೆ ಸದ್ದಿಲ್ಲದೆ ಕೈಕೊಡುತ್ತದೆ.

ಒಂದು ಶಾಲೆ ಇದೆ ಎಂದುಕೊಳ್ಳೋಣ. 5ನೇ ತರಗತಿಯವರೆಗೆ 60 ಮಕ್ಕಳು, ಅದರ ಮೇಲೆ 40. ಚಿಕ್ಕವರಿಗೆ ತಲಾ 100 ಗ್ರಾಂ, 6ನೇ ತರಗತಿಯಿಂದ ಮೇಲಿನವರಿಗೆ 150 ಗ್ರಾಂ ಎಂಬ ಪ್ರಮಾಣದಂತೆ ಎಲ್ಲರೂ ಬಂದ ದಿನ 12 ಕೆಜಿ ಅಕ್ಕಿ ಬೇಕು. ತಿಂಗಳ ಆರಂಭದಲ್ಲಿ 85 ಕೆಜಿ ಇತ್ತು. 1ರಂದು 12 ಕೆಜಿ ಹೋಯಿತು, 73 ಉಳಿಯಿತು. 2ರಂದು ಐದು ಚಿಕ್ಕ ಮಕ್ಕಳು ಗೈರು, 11.5 ಹೋಗಿ 61.5 ಉಳಿಯಿತು. 3ರಂದು ಮೂರು ಮೂಟೆ, ಅಂದರೆ 150 ಕೆಜಿ ಬಂತು. 12 ಖರ್ಚಾಗಿ 199.5 ಆಯಿತು.

ಹಾಳೆಯ ಮೂರನೇ ಸಾಲಿನಲ್ಲಿ ತಲೆಬರಹ ಇರಲಿ: A ದಿನಾಂಕ, B ಆರಂಭಿಕ ಶಿಲ್ಕು, C ಸ್ವೀಕೃತಿ, D ವಿತರಣೆ, E ಅಂತಿಮ ಶಿಲ್ಕು, F ಷರಾ. ನಮೂದುಗಳು ನಾಲ್ಕನೇ ಸಾಲಿನಿಂದ. ಸಾಮಾನ್ಯವಾಗಿ ಐದನೇ ಸಾಲಿನ B5ರಲ್ಲಿ ನಿನ್ನೆಯ ಅಂತಿಮ ಶಿಲ್ಕನ್ನು ಎಳೆದುಕೊಂಡು, E5ರಲ್ಲಿ ಕೂಡಿ ಕಳೆಯುತ್ತಾರೆ:

```
=E4
=B5+C5-D5
```

ಈಗ ನೋಡಿ. 2ರ ಸಂಜೆ ಪಕ್ಕದ ಊರಿನ ಶಾಲೆಗೆ 25 ಕೆಜಿ ಕೈಗಡ ಕೊಟ್ಟದ್ದು ಬರೆಯಲು ಬಿಟ್ಟುಹೋಗಿದೆ. 2 ಮತ್ತು 3ರ ನಡುವೆ ಹೊಸ ಸಾಲು ಸೇರಿಸಿ ಬರೆಯುತ್ತೀರಿ. ಆ ಸಾಲಿನಲ್ಲಿ ಶಿಲ್ಕು 36.5 ಎಂದು ಸರಿಯಾಗಿಯೇ ಬರುತ್ತದೆ. ಆದರೆ ಅದರ ಕೆಳಗಿನ 3ನೇ ತಾರೀಖಿನ ಸೂತ್ರ ಹೊಸ ಸಾಲನ್ನು ಗಮನಿಸುವುದೇ ಇಲ್ಲ. ಮೊದಲಿನಂತೆ 2ರ 61.5ನ್ನೇ ಹಿಡಿದುಕೊಂಡು 199.5 ತೋರಿಸುತ್ತದೆ. ಕೋಣೆಯಲ್ಲಿರುವುದು 174.5. ಸಾಲು ಅಳಿಸಿದರೆ ಕನಿಷ್ಠ `#REF!` ಎಂದು ಕೂಗುತ್ತದೆ, ಸೇರಿಸಿದರೆ ಅದೂ ಇಲ್ಲ.

ಹಾಗಾಗಿ ಶಿಲ್ಕನ್ನು ನಿನ್ನೆಯಿಂದ ಪಡೆಯದೆ ತಿಂಗಳ ಮೊದಲಿನಿಂದಲೇ ಕೂಡಿಸುವುದು ಲೇಸು. ತಿಂಗಳ ಆರಂಭದ 85ನ್ನು B1ರಲ್ಲಿ ಒಮ್ಮೆ ಬರೆದು, E4ರಲ್ಲಿ ಹೀಗೆ ಹಾಕಿ:

```
=$B$1+SUM(C$3:C4)-SUM(D$3:D4)
```

ಇದರ ಅರ್ಥ, ಇಲ್ಲಿಯವರೆಗೆ ಬಂದದ್ದೆಲ್ಲ ಕೂಡು, ಹೋದದ್ದೆಲ್ಲ ಕಳೆ. ಡಾಲರ್ ಚಿಹ್ನೆ ಆರಂಭದ ಸಾಲನ್ನು ಕಟ್ಟಿಹಾಕುತ್ತದೆ, ಕೊನೆಯ ಸಾಲು ಮಾತ್ರ ಕೆಳಕ್ಕೆ ಎಳೆದಂತೆ ಬೆಳೆಯುತ್ತದೆ. ಮೊತ್ತವನ್ನು ತಲೆಬರಹದ ಸಾಲಿನಿಂದಲೇ ಶುರುಮಾಡಿದ್ದು ಬೇಕೆಂದೇ: `SUM` ಅಕ್ಷರಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೊದಲ ನಮೂದಿನ ಮೇಲೆ ಸಾಲು ಸೇರಿಸಿದರೂ ಅದು ಒಳಗೇ ಬರುತ್ತದೆ. ಆರಂಭಿಕ ಶಿಲ್ಕನ್ನು B4ರಲ್ಲಿ ಹಿಂದಕ್ಕೆ ಎಣಿಸಿ ಪಡೆಯಬಹುದು:

```
=E4-C4+D4
```

ಎರಡನ್ನೂ ಕೆಳಕ್ಕೆ ಎಳೆಯಿರಿ. ಈಗ ಕೈಗಡದ ಸಾಲನ್ನು ನಡುವೆ ತೂರಿಸಿದರೆ 3ರ ಶಿಲ್ಕು ತಾನಾಗಿ 174.5ಕ್ಕೆ ಇಳಿಯುತ್ತದೆ. ಹೊಸ ಸಾಲಿಗೆ ಮೇಲಿನ ಸಾಲಿನ ಸೂತ್ರಗಳನ್ನು ನಕಲು ಮಾಡುವುದಷ್ಟೇ ಬಾಕಿ.

ಹೀಗೆ ಹಿಂದಕ್ಕೆ ಎಣಿಸುವುದರಿಂದ ಇನ್ನೊಂದು ಲಾಭವಿದೆ. ಯಾರೋ ವಿತರಣೆಯ ಕಾಲಂನಲ್ಲಿ "12 ಕೆಜಿ" ಎಂದು ಬರೆದರೆ ಅದು ಸಂಖ್ಯೆಯಲ್ಲ, ಬರಹ. `SUM` ಅದನ್ನು ಸುಮ್ಮನೆ ಬಿಟ್ಟುಬಿಡುತ್ತದೆ, ಅಂತಿಮ ಶಿಲ್ಕು 12 ಕೆಜಿ ಹೆಚ್ಚು ಕಾಣುತ್ತದೆ. ಆದರೆ ಅದೇ ಸಾಲಿನ B ಕಾಲಂ `#VALUE!` ಎನ್ನುತ್ತದೆ. ಅಲ್ಲಿ ಹೋಗಿ ಬರಿಯ 12 ಬರೆದರೆ ಸರಿ. ಕೆಜಿ ಎಂಬುದು ತಲೆಬರಹದಲ್ಲಿದ್ದರೆ ಸಾಕು.

ಮುಂದಿನ ತಿಂಗಳಿಗೆ ಹೊಸ ಹಾಳೆ. ಪ್ರತಿ ಹಾಳೆಯ E1ರಲ್ಲಿ ತಿಂಗಳ ಕೊನೆಯ ಶಿಲ್ಕು ಬರಲಿ, ಆಗಸ್ಟ್ ಹಾಳೆಯ B1 ಅದನ್ನು ಜುಲೈನಿಂದ ತರಲಿ. ಇವೆರಡು ಕ್ರಮವಾಗಿ:

```
=B1+SUM(C3:C60)-SUM(D3:D60)
='ಜುಲೈ'!E1
```

ಜುಲೈನಲ್ಲಿ ಏನಾದರೂ ತಿದ್ದಿದರೆ ಆಗಸ್ಟ್ ಕೂಡ ಬದಲಾಗುತ್ತದೆ. ತಪಾಸಣೆಗೆ ಸಹಿ ಹಾಕಿ ಕೊಟ್ಟ ತಿಂಗಳನ್ನು ಆಮೇಲೆ ಮುಟ್ಟದಿರುವುದು ಕ್ಷೇಮ.

ಅಂತಿಮ ಶಿಲ್ಕು ಸೊನ್ನೆಗಿಂತ ಕೆಳಗಿಳಿದರೆ ಬಂದ ಮೂಟೆಯೊಂದು ದಾಖಲಾಗಿಲ್ಲ, ಇಲ್ಲವೇ ಖರ್ಚು ಎರಡು ಸಲ ಬಿದ್ದಿದೆ ಎಂದರ್ಥ. E ಕಾಲಂಗೆ Conditional Formatting ಹಾಕಿ 0ಗಿಂತ ಕಡಿಮೆ ಇದ್ದುದನ್ನು ಕೆಂಪು ಮಾಡಿಕೊಂಡರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಸೂತ್ರ ಹೇಳುವುದು ವಹಿಯ ಶಿಲ್ಕನ್ನು ಮಾತ್ರ. ಕೋಣೆಯ ಅಕ್ಕಿಯನ್ನು ಇಲಿ ತಿಂದದ್ದು, ಮೂಟೆ ಹರಿದು ಚೆಲ್ಲಿದ್ದು ಅದಕ್ಕೆ ಗೊತ್ತಿಲ್ಲ. 3ರ ಸಂಜೆ ತೂಗಿದಾಗ 174.5ರ ಬದಲು 171 ಸಿಕ್ಕಿತೆನ್ನಿ. ಆಗ ಹಲವರು E ಕಾಲಂನಲ್ಲೇ 171 ಎಂದು ಬರೆದುಬಿಡುತ್ತಾರೆ. ಆ ಕೋಶದ ಸೂತ್ರ ಅಳಿಸಿಹೋಗುತ್ತದೆ, ಮರುದಿನದ ಶಿಲ್ಕಿಗೆ ಆ ಕೊರತೆ ತಿಳಿಯುವುದೇ ಇಲ್ಲ. ಹೊಸ ಸಾಲಿನ ವಿತರಣೆಯಲ್ಲಿ 3.5 ಎಂದು ಬರೆದು, ಷರಾದಲ್ಲಿ ಕಾರಣ ನಮೂದಿಸುವುದೇ ಸರಿಯಾದ ಕ್ರಮ. ಮೈಮರೆತು ಸೂತ್ರದ ಮೇಲೆ ಬರೆಯದಂತೆ A, C, D, F ಕಾಲಂಗಳ Locked ಗುರುತು ತೆಗೆದು, Review ಪಟ್ಟಿಯಲ್ಲಿ Protect Sheet ಕೊಡಿ. ಹಾಗೆ ಕೊಡುವಾಗ Insert rows ಎಂಬುದಕ್ಕೆ ಟಿಕ್ ಹಾಕಿ, ಇಲ್ಲದಿದ್ದರೆ ಬಿಟ್ಟುಹೋದ ನಮೂದಿಗೆ ಸಾಲು ಸೇರಿಸಲು ಎಕ್ಸೆಲ್ ಬಿಡುವುದಿಲ್ಲ. ಹೊಸ ಸಾಲಿಗೆ ಸೂತ್ರ ನಕಲು ಮಾಡುವಾಗ ಮಾತ್ರ ಬೀಗ ತೆಗೆದು, ಮತ್ತೆ ಹಾಕಿ.