ನಾಲ್ಕೇ ಶಾಲೆ: ವೈವಾಕ್ಕೆ ನನ್ನ ಉತ್ತರದ ಟಿಪ್ಪಣಿ

‘ಮಾದರಿ ಚಿಕ್ಕದು, ವಿಶ್ವಾಸ ಅಂತರ ಅಗಲ’ ಎಂದು ಪರೀಕ್ಷಕರು ಕೇಳಿದರೆ ಮೊದಲು ಒಪ್ಪಿಕೊಳ್ಳುತ್ತೇನೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ತಲಾ ಒಂದು ಶಾಲೆ. ಒಂದು ವಿಭಾಗಕ್ಕೆ ಕಾಗದ ಮಡಚಿ ಭಿನ್ನರಾಶಿ ಕಲಿಸಿದೆ, ಇನ್ನೊಂದಕ್ಕೆ ಎಂದಿನಂತೆ. ಒಂದೇ ತರಗತಿಯ ಮಕ್ಕಳ ಅಂಕಗಳು ಪರಸ್ಪರ ಸ್ವತಂತ್ರವಲ್ಲ. ಅವರನ್ನು ಒಬ್ಬೊಬ್ಬರಾಗಿ ಎಣಿಸಿದ್ದರೆ ಅಂತರ ಕಿರಿದಾಗಿ ಕಾಣುತ್ತಿತ್ತು, ನಿಜವಾಗುತ್ತಿರಲಿಲ್ಲ. ಹಾಗಾಗಿ ಶಾಲೆಯನ್ನೇ ಘಟಕವಾಗಿ ತೆಗೆದುಕೊಂಡೆ.

ಎರಡು ವಿಭಾಗಗಳ ಸರಾಸರಿ ಅಂಕಗಳ ವ್ಯತ್ಯಾಸ 2, 5, 3, 6, ಸರಾಸರಿ 4. ಮಾನಕ ವಿಚಲನೆ 1.83, 4ರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ 0.91. ನಾಲ್ಕೇ ಘಟಕಗಳಿರುವುದರಿಂದ ಗುಣಕ 1.96 ಅಲ್ಲ, 3.18. ಶೇ. 95ರ ಅಂತರ 1.1ರಿಂದ 6.9. ಅದರೊಳಗೆ ಸೊನ್ನೆ ಇಲ್ಲ. ಲಾಭವಿದೆ ಎನ್ನಬಲ್ಲೆ, ಎಷ್ಟೆಂದು ಹೇಳಲಾರೆ. ಇದೇ ಚದುರಿಕೆಯ 16 ಶಾಲೆಗಳಿದ್ದರೆ 4ರ ಆಚೀಚೆಗಿನ 2.9 ಅಂಕ ಸುಮಾರು 1ಕ್ಕೆ ಇಳಿಯುತ್ತಿತ್ತು.